ಪದಚರ್ಚೆ: ‘ಗಿಲೋಶೆ ಮೇಲೆ ಎನಾಮೆಲ್’ಗೆ ಕನ್ನಡದಲ್ಲಿ ಏನೆನ್ನಬಹುದು?

ಹೆಗಡೆ, ಶಿರಸಿ
ವಾಚಿನ ಅಂಗಡಿಯೊಂದರ ಕ್ಯಾಟಲಾಗನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲು ಮಾಡಿದವರು ಎನಾಮೆಲ್ ಡಯಲ್‌ಗೆ ‘ದಂತಕವಚದ ಮುಖ’ ಎಂದೂ ಸ್ಕೆಲಿಟನ್ ಡಯಲ್‌ಗೆ ‘ಅಸ್ಥಿಪಂಜರ’ ಎಂದೂ ಬರೆದಿದ್ದಾರೆ! ಅಡ್ಡಿಲ್ಲ, ಅವನ್ನು ತೆಗೆಯುತ್ತೇನೆ. ತೊಡಕಿರುವುದು ‘ಗಿಲೋಶೆ ಮೇಲೆ ಎನಾಮೆಲ್’ ಎಂಬಲ್ಲಿ. ‘ಕೆತ್ತನೆಯ ಮೇಲೆ ಬಣ್ಣ’ ಅಂದರೆ ಸಾಕಾ? ಹಾಗೆ ಬರೆದರೆ ಇಷ್ಟಕ್ಕೆ ಅಷ್ಟೊಂದು ಬೆಲೆಯಾ ಅಂತ ಯಾರೂ ಕೇಳಿಯಾರು.

ಶೇಟ್, ಕುಮಟಾ
ಅದು ಬಣ್ಣವಲ್ಲ, ಗಾಜಿನ ಪುಡಿ. ಲೋಹದ ಮೇಲಿಟ್ಟು ಬೆಂಕಿಯಲ್ಲಿ ಕರಗಿಸುತ್ತಾರೆ. ಅಕ್ಕಸಾಲಿಗಳು ಮೀನಾ ಕೆಲಸ ಎನ್ನುವುದು ಇದಕ್ಕೇ. ಗಿಲೋಶೆಯೂ ಉಳಿ ಹಿಡಿದು ಕೈಯಲ್ಲಿ ಗೆರೆ ಎಳೆಯುವುದೇ. ‘ಕೆತ್ತನೆ ಮೀನಾ’ ಎನ್ನಿ, ಮುಗಿಯಿತು.

ನಾಯ್ಕ, ಕಾರವಾರ
ಮೀನಾ ಸರಿ. ಆದರೆ ಗಿಲೋಶೆಯಲ್ಲಿ ಉಳಿಯನ್ನು ಕೈಯಲ್ಲಿ ಓಡಿಸುವುದಿಲ್ಲ. ರೋಸ್ ಎಂಜಿನ್ ಎಂಬ ಯಂತ್ರದಲ್ಲಿ ತಿರುಗುವುದು ಡಯಲ್. ಅಲೆಯಂಚಿನ ಒಂದು ಚಕ್ರ ಅದನ್ನು ತಿರುಗುವಾಗಲೇ ಅತ್ತಿತ್ತ ತೂಗಿಸುತ್ತದೆ. ಅದಕ್ಕೇ ಗೆರೆಗಳು ಅಲೆಯಲೆಯಾಗಿ ಬರುತ್ತವೆ. ಒಂದು ಕೈ ಹಿಡಿಕೆ ತಿರುಗಿಸುತ್ತದೆ, ಇನ್ನೊಂದು ಉಳಿಯನ್ನು ಒತ್ತಿ ಹಿಡಿಯುತ್ತದೆ. ಒತ್ತಿದ್ದು ಒಂದೆಡೆ ಜಾಸ್ತಿಯಾದರೆ ಆ ಗೆರೆ ಎದ್ದು ಕಾಣುತ್ತದೆ, ಅಳಿಸಲು ಬರುವುದಿಲ್ಲ.

ಅದರ ಮೇಲೆ ಪಾರದರ್ಶಕ ಗಾಜಿನ ಪುಡಿಯನ್ನು ತೆಳ್ಳಗೆ ಹರಡಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ತಣಿದ ಮೇಲೆ ಇನ್ನೊಂದು ಪದರ, ಮತ್ತೆ ಕುಲುಮೆ. ಹೀಗೆ ಹಲವು ಸಲ. ಗೆರೆಯ ತಗ್ಗಿನಲ್ಲಿ ಗಾಜು ದಪ್ಪ, ಅಲ್ಲಿ ಬಣ್ಣ ಗಾಢ. ದಿಣ್ಣೆಯ ಮೇಲೆ ತೆಳು, ಅಲ್ಲಿ ಬಣ್ಣ ತಿಳಿ. ವಾಚು ಓರೆ ಮಾಡಿದಾಗ ಬೆಳಕು ಹರಿದಾಡುವುದು ಇದರಿಂದ. ಡಯಲ್‌ನ ಹಿಂಬದಿಗೂ ಎನಾಮೆಲ್ ಕೊಡಬೇಕು. ಗಾಜು, ಲೋಹ ಎರಡೂ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ಒಂದೇ ಬದಿಗೆ ಕೊಟ್ಟರೆ ತಗಡು ಬಾಗಿ ಗಾಜು ಬಿರಿಯುತ್ತದೆ. ಕೊನೆಯ ಸಲ ಸುಡುವಾಗ ಧೂಳೋ ಗುಳ್ಳೆಯೋ ಸಿಕ್ಕಿಬಿದ್ದರೆ ಅಷ್ಟು ದಿನದ ಕೆತ್ತನೆಯೂ ಹೋದಂತೆ. ಹಾಳಾದ ಡಯಲ್‌ಗಳ ಖರ್ಚು ಉಳಿದವುಗಳ ಬೆಲೆಗೇ ಬೀಳುತ್ತದೆ, ಅಲ್ವಾ?

ಪದ ಹುಡುಕುವ ಮೊದಲು ಅಂಗಡಿಯವರನ್ನು ಒಂದು ಮಾತು ಕೇಳಿ: ಯಂತ್ರದಲ್ಲಿ ಕೊರೆದದ್ದೋ, ಅಚ್ಚೊತ್ತಿದ್ದೋ? ಲೆನ್ಸ್ ಹಿಡಿದರೆ ಗೊತ್ತಾಗುತ್ತದೆ. ಅಚ್ಚಿನ ಗೆರೆಯ ಅಂಚು ದುಂಡಗೆ, ಮಂಕು. ಕೊರೆದದ್ದು ಚೂಪು, ಹೊಳಪು. ಮೇಲೆ ಸುಮ್ನೆ ರಾಳ ಸುರಿದು ‘ಕೋಲ್ಡ್ ಎನಾಮೆಲ್’ ಎಂದು ಮಾರುವವರೂ ಇದ್ದಾರೆ. ಅದು ಕುಲುಮೆ ಕಂಡದ್ದೇ ಅಲ್ಲ. ಅದಕ್ಕೆ ಮೀನಾ ಎಂದರೆ ಶೇಟರೇ ಒಪ್ಪಲಿಕ್ಕಿಲ್ಲ.

ಗಾಂವ್ಕರ್, ಅಂಕೋಲಾ
ನಮ್ಮ ಅಜ್ಜನ ಜೇಬುಗಡಿಯಾರದ ಬಿಳಿ ಡಯಲ್ ಮೇಲೆ ಕೂದಲಿನಂಥ ಗೆರೆಗಳಿವೆ. ಇದೂ ಗಿಲೋಶೆಯೇ? ಎಷ್ಟಕ್ಕೆ ಹೋದೀತು?

ನಾಯ್ಕ, ಕಾರವಾರ
ಅದು ಬಿರುಕು ಮಾರಾಯ್ರೇ. ಎನಾಮೆಲ್ ಅಸಲಿ ಇರಬಹುದು, ಆದರೆ ಯಾವಾಗಲೋ ಪೆಟ್ಟು ಬಿದ್ದಿದೆ. ಬೆಲೆ ನೋಡದೆ ಹೇಳಲಾರೆ. ಡಯಲ್ ಬಿಚ್ಚಲು ಮಾತ್ರ ಹೋಗಬೇಡಿ.

ಹೆಗಡೆ, ಶಿರಸಿ
ಅಂಗಡಿಯವರು ಕೊರೆದದ್ದೇ ಎನ್ನುತ್ತಾರೆ, ಲೆನ್ಸ್ ಹಿಡಿದ ಫೋಟೋ ಕಳಿಸಲು ಹೇಳಿದ್ದೇನೆ. ಸದ್ಯಕ್ಕೆ ‘ಕೊರೆಗೆರೆ ಮೀನಾ’ ಎಂದು ಹಾಕಲೇ?

ಶೇಟ್, ಕುಮಟಾ
ಕೊರೆಯುವುದು ಅಂದರೆ ನಮ್ಮ ಕಸುಬಿನಲ್ಲಿ ತೂತು ಹೊಡೆಯುವುದು. ‘ಕೆತ್ತನೆ’ಯನ್ನೇ ಇಡಿ.