ಶೋಕಾಸ್ ನೋಟಿಸ್: ಉತ್ತರಕ್ಕೆ ನಿಜವಾದ ಅವಕಾಶ ಇರುವಂತೆ ಬರೆಯೋದು ಹೇಗೆ?

ಪ್ರಶ್ನೆ (ಕಾರ್ಖಾನೆಯೊಂದರ ಎಚ್‌ಆರ್): ನಮ್ಮ ಸ್ಟೋರ್ಸ್ ಸಹಾಯಕ ರಾತ್ರಿ ಪಾಳಿ ಮುಗಿಸಿ ಹೊರಡುವಾಗ ಅವನ ಸ್ಕೂಟರ್ ಡಿಕ್ಕಿಯಲ್ಲಿ ತಾಮ್ರದ ತಂತಿಯ 3 ಸುರುಳಿ ಸಿಕ್ಕಿವೆ. ಗೇಟ್ ಪಾಸ್ ಇರಲಿಲ್ಲ. ನೋಟಿಸ್ ಹೀಗೆ ಬರೆದಿದ್ದೇನೆ: "ನೀವು ಕಂಪನಿಯ ಮಾಲು ಕದ್ದು ಸಿಕ್ಕಿಬಿದ್ದಿದ್ದೀರಿ. ಹಿಂದೆಯೂ ನಿಮ್ಮ ನಡತೆ ಸರಿಯಿರಲಿಲ್ಲ. ನಿಮ್ಮನ್ನು ಕೆಲಸದಿಂದ ಏಕೆ ವಜಾ ಮಾಡಬಾರದು ಎಂದು 24 ಗಂಟೆಯೊಳಗೆ ತಿಳಿಸಿ. ತಪ್ಪಿದಲ್ಲಿ ಆರೋಪ ಒಪ್ಪಿಕೊಂಡಂತೆ ಭಾವಿಸಲಾಗುವುದು." ಇದು ಕೋರ್ಟಲ್ಲಿ ನಿಲ್ಲುತ್ತಾ?

ಕಾರ್ಮಿಕ ವಕೀಲರು: ಕಷ್ಟ ಮೇಡಂ. ಮೊದಲ ಸಾಲಲ್ಲೇ ತೀರ್ಪು ಬಂದುಬಿಟ್ಟಿದೆ. "ಕದ್ದಿದ್ದೀರಿ" ಅಂದಮೇಲೆ ಅವನು ಏನು ಹೇಳಬೇಕು? ನೀವು ಕೇಳಿರೋದು ಶಿಕ್ಷೆಯ ಬಗ್ಗೆ ಮಾತ್ರ. ನಡೆದದ್ದೇನು ಅಂತ ಅವನನ್ನು ಕೇಳಿಯೇ ಇಲ್ಲ. 2010ರ ಓರಿಕ್ಸ್ ಫಿಶರೀಸ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹಿಡಿದದ್ದು ಇದನ್ನೇ. ಅದು ನೌಕರನ ಕೇಸಲ್ಲ, ಮೀನು ರಫ್ತು ಮಾಡುವ ಕಂಪನಿಯದು. ಆದರೆ ನೋಟಿಸ್ ಕೊಡುವಾಗಲೇ ತಪ್ಪು ಸಾಬೀತಾಯ್ತು ಅನ್ನೋ ಥರ ಬರೆದರೆ ಆಮೇಲಿನ ಅವಕಾಶ ಬರೀ ಶಾಸ್ತ್ರಕ್ಕೆ ಅನ್ನೋ ಮಾತು ಇಲ್ಲಿಗೂ ಹೊಂದುತ್ತದೆ.

ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ. ಡಿಕ್ಕಿಯಲ್ಲಿ ಸುರುಳಿ ಇತ್ತು, ಪಾಸ್ ಇರಲಿಲ್ಲ. ಇದು ಕಂಡದ್ದು. ಕಳ್ಳತನ ಅನ್ನೋದು ನೀವು ಅದರಿಂದ ಊಹಿಸಿದ್ದು. ಸೂಪರ್‌ವೈಸರ್ ಇನ್ನೊಂದು ಯೂನಿಟ್‌ಗೆ ತಲುಪಿಸು ಅಂದಿದ್ದರೋ ಏನೋ, ಈಗ ಯಾರಿಗೆ ಗೊತ್ತು?

ಒಬ್ಬ ಎಚ್‌ಆರ್ ಮ್ಯಾನೇಜರ್: ವಕೀಲರೇ, ಶಿಕ್ಷೆ ಏನು ಅಂತ ನೋಟಿಸಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ನೋಟಿಸ್ ಬಿದ್ದುಹೋಗುತ್ತೆ. ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಮೇಡಂ ವಜಾ ಅಂತ ಬರೆದದ್ದು ಸರಿಯೇ ಇದೆ.

ಕಾರ್ಮಿಕ ವಕೀಲರು: ನೀವು ಹೇಳ್ತಿರೋದು ಗೋರ್ಖಾ ಸೆಕ್ಯುರಿಟಿ ಕೇಸ್, ಅಲ್ವಾ? ಅದು ಗುತ್ತಿಗೆದಾರನನ್ನು ಕಪ್ಪುಪಟ್ಟಿಗೆ ಸೇರಿಸಿದ್ದರ ಬಗ್ಗೆ. ಅಲ್ಲಿ ನೋಟಿಸ್ ಆದಮೇಲೆ ನೇರ ಆದೇಶವೇ. ಇಲ್ಲಿ ಉತ್ತರ ಒಪ್ಪಿಗೆಯಾಗದಿದ್ದರೆ ಆರೋಪಪಟ್ಟಿ, ಆಮೇಲೆ ಆಂತರಿಕ ವಿಚಾರಣೆ, ಅದರಲ್ಲಿ ಸಾಕ್ಷಿಗಳ ಪಾಟಿಸವಾಲು, ಎಲ್ಲ ಬಾಕಿ ಇದೆ. ಆರೋಪ ಎಷ್ಟು ಗಂಭೀರ ಅಂತ ತಿಳಿಸೋದು ಒಳ್ಳೇದೇ. "ಸಾಬೀತಾದರೆ ಸ್ಥಾಯಿ ಆದೇಶದ ಪ್ರಕಾರ ವಜಾದವರೆಗಿನ ಶಿಕ್ಷೆಗೆ ಕಾರಣವಾಗಬಹುದು" ಅಂದರೆ ಸಾಕು. ಸ್ಥಾಯಿ ಆದೇಶ ಅಂದರೆ ನಿಮ್ಮ ಕಾರ್ಖಾನೆಯ ಸೇವಾ ನಿಯಮಗಳು. "ಏಕೆ ವಜಾ ಮಾಡಬಾರದು" ಅನ್ನೋ ಪ್ರಶ್ನೆ ಬೇಕಾದರೆ ಅದು ವಿಚಾರಣಾ ವರದಿ ಬಂದಮೇಲೆ, ಆ ವರದಿಯ ಪ್ರತಿ ಕೊಟ್ಟು ಕೇಳುವಂಥದ್ದು.

ಎಚ್‌ಆರ್ ಮ್ಯಾನೇಜರ್: ನಮ್ಮಲ್ಲಿ ವರ್ಷಗಳಿಂದ ಒಂದೇ ನೋಟಿಸಲ್ಲಿ ಎರಡೂ ಹಾಕ್ತೀವಿ. ಯಾರೂ ಪ್ರಶ್ನೆ ಮಾಡಿಲ್ಲ. ನಾನಂತೂ ಶಿಕ್ಷೆಯ ಹೆಸರು ಬರೆಯೋದು ಬಿಡಲ್ಲ.

ಕೇಳಿದವರು: ಹಿಂದಿನ ನಡತೆ ಅಂತ ಹಾಕಿದ್ದೆನಲ್ಲ, ಅದು ತೆಗೀಬೇಕಾ? ಎರಡು ಸಲ ಎಚ್ಚರಿಕೆ ಪತ್ರ ಕೊಟ್ಟಿದ್ದೀವಿ.

ಕಾರ್ಮಿಕ ವಕೀಲರು: ಈ ನೋಟಿಸಿಂದ ತೆಗೆಯಿರಿ. "ನಡತೆ ಸರಿಯಿರಲಿಲ್ಲ" ಅನ್ನೋ ಮಾತಿಗೆ ಯಾರು ತಾನೇ ಉತ್ತರ ಕೊಡೋಕಾಗುತ್ತೆ? ಆದರೆ ಮುಂದೆ ಶಿಕ್ಷೆ ನಿರ್ಧರಿಸುವಾಗ ಆ ಪತ್ರಗಳನ್ನು ಲೆಕ್ಕಕ್ಕೆ ತಗೊಳ್ಳೋದಾದರೆ, ಅದಕ್ಕೆ ಮೊದಲು ಇಂಥ ದಿನಾಂಕದ ಪತ್ರ ಅಂತ ಹೇಳಿ ಅವನ ಮಾತು ಕೇಳಬೇಕು. ನಮ್ಮದೇ ರಾಜ್ಯದ ಹಳೇ ಕೇಸ್ ಇದೆ, ಮೈಸೂರು ರಾಜ್ಯ ಮತ್ತು ಕೆ. ಮಂಚೇಗೌಡ. ಸರ್ಕಾರ ಅವರ ಹಿಂದಿನ ದಾಖಲೆ ನೋಡಿ ವಜಾ ಮಾಡಿತ್ತು, ನೋಟಿಸಲ್ಲಿ ಮಾತ್ರ ಆ ವಿಷಯವೇ ಇರಲಿಲ್ಲ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ನಾನಾಗಿದ್ದರೆ ಹೀಗೆ ಬರೀತಿದ್ದೆ. ದಿನ, ಸಮಯ ನಿಮ್ಮದು ಹಾಕಿಕೊಳ್ಳಿ:

"ಮಾರ್ಚ್ 12ರಂದು ರಾತ್ರಿ ಸುಮಾರು 10.20ಕ್ಕೆ ಮುಖ್ಯ ಗೇಟಿನಲ್ಲಿ ತಪಾಸಣೆ ಮಾಡಿದಾಗ ನಿಮ್ಮ ಸ್ಕೂಟರ್ ಡಿಕ್ಕಿಯಲ್ಲಿ ತಾಮ್ರದ ತಂತಿಯ 3 ಸುರುಳಿಗಳಿದ್ದವು, ಅವುಗಳಿಗೆ ಗೇಟ್ ಪಾಸ್ ಇರಲಿಲ್ಲ ಎಂದು ಭದ್ರತಾ ಸಿಬ್ಬಂದಿ ವರದಿ ಮಾಡಿದ್ದಾರೆ. ಆ ವರದಿ, ತೂಕದ ಚೀಟಿ ಮತ್ತು ಆ ದಿನದ ಸ್ಟೋರ್ಸ್ ಲೆಡ್ಜರ್ ಪುಟದ ಪ್ರತಿಗಳನ್ನು ಲಗತ್ತಿಸಿದೆ. ಇದು ನಿಜವಾದರೆ ಸ್ಥಾಯಿ ಆದೇಶದ ಇಂಥ ಕಲಮಿನಡಿ ದುರ್ನಡತೆಯಾಗಬಹುದು. ಈ ಬಗ್ಗೆ ಇನ್ನೂ ಯಾವ ತೀರ್ಮಾನವನ್ನೂ ತೆಗೆದುಕೊಂಡಿಲ್ಲ. ನಡೆದದ್ದೇನು ಎಂದು ನಿಮ್ಮ ವಿವರಣೆಯನ್ನು ಈ ಪತ್ರ ತಲುಪಿದ 7 ದಿನಗಳೊಳಗೆ ಬರವಣಿಗೆಯಲ್ಲಿ ಕೊಡಿ. ಬೇರೆ ದಾಖಲೆ ನೋಡಬೇಕಿದ್ದರೆ ಅಥವಾ ಯಾರನ್ನಾದರೂ ವಿಚಾರಿಸಬೇಕು ಎಂದಿದ್ದರೆ ಅದನ್ನೂ ಬರೆಯಿರಿ. ಹೆಚ್ಚು ಸಮಯ ಬೇಕಿದ್ದರೆ ಕಾರಣ ತಿಳಿಸಿ ಕೇಳಬಹುದು. ಉತ್ತರ ಬಾರದಿದ್ದರೆ ಲಭ್ಯ ದಾಖಲೆಗಳ ಮೇಲೆ ಮುಂದಿನ ಕ್ರಮ ಪರಿಶೀಲಿಸಲಾಗುವುದು."

ಕೊನೆಯ ಸಾಲು ನೋಡಿ. ಸುಮ್ನಿದ್ದ ಅಂದಮಾತ್ರಕ್ಕೆ ಒಪ್ಪಿಕೊಂಡ ಅಂತಲ್ಲ. ಉತ್ತರ ಬಾರದಿದ್ದರೂ ಆರೋಪ ಸಾಬೀತು ಮಾಡುವ ಹೊಣೆ ನಿಮ್ಮದೇ. ಸ್ಥಾಯಿ ಆದೇಶದಲ್ಲಿ ಉತ್ತರಕ್ಕೆ ಇಷ್ಟು ದಿನ ಅಂತ ಇದ್ದರೆ ಅದಕ್ಕಿಂತ ಕಡಿಮೆ ಕೊಡಬೇಡಿ. ಅವನಿಗೆ ಕನ್ನಡ ಮಾತ್ರ ಓದೋಕೆ ಬರೋದಾದರೆ ಇಂಗ್ಲಿಷ್ ನೋಟಿಸ್ ಒಂದೇ ಕೊಟ್ಟು ಸಹಿ ಹಾಕಿಸಿಕೊಳ್ಳೋದೂ ಬೇಡ.

ಕೇಳಿದವರು: ಭದ್ರತಾ ವರದಿ ಈಗಲೇ ಕೊಟ್ಟರೆ ಗಾರ್ಡ್ ಯಾರು ಅಂತ ಗೊತ್ತಾಗಿ ಒತ್ತಡ ಹಾಕಲ್ವಾ?

ಕಾರ್ಮಿಕ ವಕೀಲರು: ಡಿಕ್ಕಿ ತೆಗೆಸಿದ ಗಾರ್ಡ್ ಯಾರು ಅಂತ ಅವನಿಗೆ ಆಗಲೇ ಗೊತ್ತು, ಎದುರಿಗೇ ಇದ್ದ. ಇನ್ನೊಂದು ವಿಷಯ. ಉತ್ತರ ಓದಿ ನಿರ್ಧಾರ ತಗೊಳ್ಳೋದು ಭದ್ರತಾ ಅಧಿಕಾರಿಯ ಕೈಗೆ ಹೋಗಬಾರದು, ಅವರೇ ಸಾಕ್ಷಿ ಆಗುವವರು. ಸೂಪರ್‌ವೈಸರ್ ಹೇಳಿದ್ದರು ಅಂತ ಅವನು ಬರೆದರೆ, ಸೂಪರ್‌ವೈಸರನ್ನು ಕೇಳಿ, ಅವರ ಮಾತು ಬರೆಸಿಕೊಂಡು ಫೈಲಿಗೆ ಹಾಕಿ. "ಉತ್ತರ ತೃಪ್ತಿಕರವಾಗಿಲ್ಲ" ಅನ್ನೋ ರೆಡಿಮೇಡ್ ಸಾಲು ನೋಡಿದರೆ ಯಾರೂ ಓದೇ ಇಲ್ಲ ಅಂತ ಗೊತ್ತಾಗುತ್ತೆ. ಯಾವ ಮಾತು ಯಾಕೆ ಒಪ್ಪಲಿಲ್ಲ ಅಂತ ಎರಡು ಸಾಲು ಬರೆಯಿರಿ.

ಒಬ್ಬ ಸದಸ್ಯೆ: ನನಗೂ ಇದೇ ಆಯ್ತು ಸರ್. ರಜೆಯಲ್ಲಿದ್ದಾಗ ವಾಟ್ಸಾಪಲ್ಲಿ ನೋಟಿಸ್ ಬಂತು. "ಹಿರಿಯರ ಜೊತೆ ಅನುಚಿತ ವರ್ತನೆ" ಅಂತ ಒಂದೇ ಸಾಲು. ಉತ್ತರ ಕೊಡದೇ ಇದ್ದರೆ ಅವರ ನೋಟಿಸೇ ತಪ್ಪು ಅಂತ ಆಗುತ್ತೆ ಅಲ್ವಾ?

ಕಾರ್ಮಿಕ ವಕೀಲರು: ಹಾಗೆ ನಂಬಿಕೊಂಡು ಸುಮ್ಮನಿರಬೇಡಿ. ಗಡುವಿನೊಳಗೆ ಒಂದು ಪತ್ರ ಹಾಕಿ: ಯಾವ ದಿನ, ಎಲ್ಲಿ, ಯಾರ ಜೊತೆ, ಏನು ಮಾತು ಅಂತ ತಿಳಿಸಿ, ದೂರಿನ ಪ್ರತಿ ಕೊಡಿ, ಅದು ಸಿಕ್ಕಮೇಲೆ ಇಷ್ಟು ದಿನದಲ್ಲಿ ಉತ್ತರಿಸ್ತೀನಿ. ಆರೋಪ ಒಪ್ಪಲ್ಲ ಅಂತಿದ್ದರೆ ಅದನ್ನೂ ಅದರಲ್ಲೇ ಹೇಳಿ. ಈಮೇಲ್‌ನಲ್ಲಿ ಕಳಿಸಿದರೆ ದಾಖಲೆ ಇರುತ್ತೆ.

ಯೂನಿಯನ್‌ನ ಹಿರಿಯರು: ಸಿಸಿಟಿವಿ ಬಗ್ಗೆ ಯಾರೂ ಮಾತಾಡ್ತಿಲ್ಲ. ನಮ್ಮ ಹುಡುಗರಿಗೆ ಅದನ್ನ ತೋರಿಸೋದೇ ಇಲ್ಲ, ನಾವು ನೋಡಿದ್ದೀವಿ ಅಂತಾರೆ ಅಷ್ಟೇ. ವರದಿ ಕೊಟ್ಟು ವಿಡಿಯೋ ಇಟ್ಟುಕೊಂಡರೆ ಅದೆಂಥ ಅವಕಾಶ?

ಕಾರ್ಮಿಕ ವಕೀಲರು: ಮಾತು ನಿಜ ಅಣ್ಣಾ. ವಿಡಿಯೋ ನೆಚ್ಚಿಕೊಂಡು ಆರೋಪ ಮಾಡೋದಾದರೆ ಉತ್ತರ ಬರೆಯೋ ಮೊದಲೇ ತೋರಿಸಬೇಕು. ಪ್ರತಿಯನ್ನೇ ಕೊಡಬೇಕಾ, ಕೂರಿಸಿ ತೋರಿಸಿದರೆ ಸಾಕಾ ಅನ್ನೋದರಲ್ಲಿ ನಮ್ಮ ವಕೀಲರಲ್ಲೇ ಒಮ್ಮತ ಇಲ್ಲ. ನಾನು ಈ ಹಂತದಲ್ಲಿ ತೋರಿಸಿ, ನೋಡಿದ ದಿನಾಂಕ ಬರೆದು ಇಬ್ಬರ ಸಹಿ ಹಾಕಿಸಿ ಅಂತೀನಿ. ಮೇಡಂ, ಮೂಲ ರೆಕಾರ್ಡಿಂಗ್ ಅಳಿಸಿ ಹೋಗೋ ಮೊದಲು ಇವತ್ತೇ ತೆಗೆದಿಡಿ.

ಯೂನಿಯನ್‌ನ ಹಿರಿಯರು: ತೋರಿಸಿದರೆ ಸಾಲದು, ಪ್ರತಿ ಕೊಡಲೇಬೇಕು ಅಂತ ನನ್ನ ವಾದ.

ಕೇಳಿದವರು: ಪೊಲೀಸ್ ದೂರನ್ನೂ ಕೊಟ್ಟಿದ್ದೀವಿ, ಹೇಳೋದು ಮರೆತೆ.

ಕಾರ್ಮಿಕ ವಕೀಲರು: ಅದು ಮುಖ್ಯ ವಿಷಯ ಮೇಡಂ. ಎರಡೂ ಒಟ್ಟಿಗೆ ನಡೆಯಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಇಲ್ಲಿ ಬರೆದುಕೊಟ್ಟದ್ದು ಅಲ್ಲಿ ತನಗೇ ತಿರುಗಿ ಬೀಳುತ್ತೆ ಅಂತ ಅವನಿಗೆ ಭಯ ಇರುತ್ತೆ. ವಕೀಲರನ್ನು ಕೇಳಿ ಬರೀತೀನಿ, ಸಮಯ ಬೇಕು ಅಂದರೆ ಕೊಡಿ. ಎಫ್‌ಐಆರ್ ಪ್ರತಿ ಇದ್ದರೆ ನನಗೆ ಕಳಿಸಿ. ಅದರಲ್ಲಿ ಬರೆದ ಸುರುಳಿ ಲೆಕ್ಕವೂ ನೋಟಿಸಿನ ಲೆಕ್ಕವೂ ಒಂದೇ ಇದೆಯಾ ಅಂತ ಮೊದಲು ನೋಡೋಣ.