ಅಪ್‌ಡೇಟ್: ಮೈಕ್ರೋಬ್ಲೇಡಿಂಗ್ ಬಿಟ್ಟು ಟಿಂಟ್ ಮಾಡಿಸಿಕೊಂಡೆ

ನಾನು ಕೇಳಿದ್ದು: "ಹುಬ್ಬು ತೆಳ್ಳಗಿದೆ, ಮುಖದಲ್ಲಿ ಜಿಡ್ಡು ಜಾಸ್ತಿ. ತುಂಬಾ ದಿನ ಉಳಿಯಬೇಕು ಅಂದ್ರೆ ಮೈಕ್ರೋಬ್ಲೇಡಿಂಗ್ ಮಾಡಿಸಲಾ, ಟಿಂಟ್ ಅಥವಾ ಹೆನ್ನಾ ಸಾಕಾ?"

ಕೊನೆಗೆ ನಿರ್ಧಾರ ಮಾಡಿಸಿದ್ದು ಈ ಜಿಡ್ಡೇ. ಮೈಕ್ರೋಬ್ಲೇಡಿಂಗ್‌ನಲ್ಲಿ ಸಣ್ಣ ಸೂಜಿಗಳ ಸಾಲಿನಿಂದ ಚರ್ಮದಲ್ಲಿ ಕೂದಲಿನಂಥ ಗೀರು ಎಳೆದು ಬಣ್ಣ ತುಂಬುತ್ತಾರೆ. ಸಾಮಾನ್ಯವಾಗಿ ಒಂದೆರಡು ವರ್ಷ ಇರುತ್ತದೆ. ಆದರೆ ಜಿಡ್ಡಿನ ಚರ್ಮದಲ್ಲಿ ಗೀರುಗಳು ಬೇಗ ಹರಡಿಕೊಳ್ಳುತ್ತವೆ. ಕೂದಲಿನ ಹಾಗೆ ಕಾಣುವ ಬದಲು ಮಸುಕು ಪಟ್ಟಿಯಾಗುತ್ತದೆ. ಇಷ್ಟವಾಗದಿದ್ದರೆ ಅಳಿಸಲು ಲೇಸರ್ ಬೇಕು. ಅದಕ್ಕೇ ಬಿಟ್ಟೆ.

ಹೆನ್ನಾ ಚರ್ಮಕ್ಕೂ ಬಣ್ಣ ಹಿಡಿಸುತ್ತದೆ, ಹಾಗಾಗಿ ಖಾಲಿ ಜಾಗವೂ ತುಂಬಿದಂತೆ ಕಾಣುತ್ತದೆ. ಜಿಡ್ಡಿನ ಚರ್ಮದಲ್ಲಿ ಮಾತ್ರ ಆ ಕಲೆ ಕೆಲವೇ ದಿನ. ಇನ್ನೊಂದು ವಿಷಯ: ಬರೀ ಮೆಹಂದಿ ಸೊಪ್ಪು ಕೆಂಪು-ಕಿತ್ತಳೆ ಬಣ್ಣ ಕೊಡುತ್ತದೆ. ಕಡುಕಂದು, ಕಪ್ಪು ಬಂದರೆ ಬೇರೆ ಬಣ್ಣ ಸೇರಿದೆ ಅಂತ. ಎಷ್ಟೋ ಸಲ ಅದು ಹೇರ್ ಡೈಗಳಲ್ಲಿ ಬಳಸುವ ಪಿಪಿಡಿ ಅನ್ನುವ ರಾಸಾಯನಿಕ. ಅಲರ್ಜಿ ಇರುವವರಿಗೆ ಇದರಿಂದ ತುರಿಕೆ, ಊತ, ಗುಳ್ಳೆ ಬರುತ್ತದೆ. ಪ್ಯಾಕೆಟ್ ತೋರಿಸಿ ಅಂತ ಕೇಳಲೇಬೇಕು.

ಟಿಂಟ್ ಅಂದ್ರೆ ಹುಬ್ಬಿನ ಕೂದಲಿಗೇ ಬಣ್ಣ ಹಾಕುವುದು. ಅದರಲ್ಲೂ ಪಿಪಿಡಿಯಂಥ ಬಣ್ಣ ಇರಬಹುದು. ಅದಕ್ಕೆ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿಸಿಕೊಂಡು 48 ಗಂಟೆ ಕಾದೆ. ಏನೂ ಆಗಲಿಲ್ಲ, ಆಮೇಲೇ ಹುಬ್ಬಿಗೆ ಹಾಕಿಸಿಕೊಂಡೆ. ಕಣ್ಣಿಗೆ ಕಾಣದ ನಸುಬಣ್ಣದ ಕೂದಲೆಲ್ಲ ಈಗ ಎದ್ದು ಕಾಣುತ್ತಿದೆ! ಕೂದಲೇ ಇಲ್ಲದ ತುದಿಗೆ ಮಾತ್ರ ಪೆನ್ಸಿಲ್ ಬೇಕು. ತಿಂಗಳಿಗೊಮ್ಮೆ ಮತ್ತೆ ಹಾಕಿಸಬೇಕು, ನನಗೆ ಅದು ಪರವಾಗಿಲ್ಲ.