ಹಳೆ ಗಿರಾಕಿಗೆ ಕಳಿಸಿದ ಕೊಟೇಷನ್ನೂ ಸ್ಪ್ಯಾಮ್‌ಗೆ ಹೋಗ್ತಿದೆ, ಎಲ್ಲಿ ತಪ್ಪಾಗಿದೆ?

ಪ್ರಶ್ನೆ, ಪೀಣ್ಯದ ವರ್ಕ್‌ಶಾಪ್‌ನಿಂದ:
ನಮ್ಮದು ಸಿಎನ್‌ಸಿ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪ್. ಹೊಸ ಆರ್ಡರ್ ಹುಡುಕೋಣ ಅಂತ ಪರ್ಚೇಸ್ ಮ್ಯಾನೇಜರ್‌ಗಳ 4000 ವಿಳಾಸ ಇರುವ ಪಟ್ಟಿ ಕೊಂಡುಕೊಂಡೆವು. ಕಂಪನಿ ಐಡಿಯಿಂದಲೇ ದಿನಕ್ಕೆ 300ರಂತೆ ನಾಲ್ಕು ದಿನ ಮೇಲ್ ಕಳಿಸಿದೆವು. ಒಂದೂ ಆರ್ಡರ್ ಬರಲಿಲ್ಲ. ಈಗ ಹತ್ತು ವರ್ಷದ ಹಳೆ ಗಿರಾಕಿಗೆ ಕಳಿಸಿದ ಕೊಟೇಷನ್ನೂ ಸ್ಪ್ಯಾಮ್‌ನಲ್ಲಿ ಬೀಳುತ್ತಿದೆ. ಮೇಲ್ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿದೆ. ಮೇಲ್ ನಮ್ಮದೇ ಅಂತ ಗುರುತು ಹಿಡಿಸುವ ಎಸ್‌ಪಿಎಫ್, ಡಿಕಿಮ್ ಎರಡೂ ಇದೆ ಅಂತ ವೆಬ್‌ಸೈಟ್ ಮಾಡಿಕೊಟ್ಟವರು ಹೇಳುತ್ತಾರೆ. ಏನು ಮಾಡಬೇಕು?

ಮಾರ್ಕೆಟಿಂಗ್ ಕೆಲಸದಲ್ಲಿರುವ ಒಬ್ಬರು:
ಸರ್, ಮೇಲ್‌ನಲ್ಲಿ "ಫ್ರೀ", "ಆಫರ್", "ಡಿಸ್ಕೌಂಟ್" ಅಂತ ಇದ್ದರೆ ಮೊದಲು ತೆಗೆಯಿರಿ. ಆಮೇಲೆ ಪರಿಚಯ ಇಲ್ಲದವರಿಗೆ ಕಳಿಸುವ ಕೋಲ್ಡ್ ಮೇಲ್‌ಗೆ ಬೇರೆ ಡೊಮೇನ್ ತಗೊಳ್ಳಿ. ನಾವು ಐದು ಡೊಮೇನ್ ಇಟ್ಟುಕೊಂಡಿದ್ದೇವೆ. ಒಂದು ಕೆಟ್ಟರೆ ಇನ್ನೊಂದಕ್ಕೆ ಹೋಗುತ್ತೇವೆ. ಹೊಸ ಡೊಮೇನ್‌ಗೆ ಒಳ್ಳೆ ಹೆಸರು ತರುವ ವಾರ್ಮಪ್ ಟೂಲ್ ಹಾಕಿದರೆ ಹದಿನೈದು ದಿನದಲ್ಲಿ ರೆಡಿ.

ಮೇಲ್ ಸರ್ವರ್ ನೋಡಿಕೊಳ್ಳುವವರು:
ಡೊಮೇನ್ ಕೊಳ್ಳುವ ಮೊದಲು ಒಂದು ಸಣ್ಣ ಕೆಲಸ ಮಾಡಿ ಸರ್. ಕಂಪನಿ ಐಡಿಯಿಂದ ನಿಮ್ಮ ಸ್ವಂತ ಜಿಮೇಲ್‌ಗೆ ಒಂದು ಮೇಲ್ ಹಾಕಿ. ಕಂಪ್ಯೂಟರ್‌ನಲ್ಲಿ ಅದನ್ನು ತೆರೆದು, ಬಲಗಡೆಯ ಮೂರು ಚುಕ್ಕಿ ಒತ್ತಿ `Show original` ನೋಡಿ. ಮೇಲೆ ಕಾಣುವ ಸಾಲುಗಳನ್ನು ಇಲ್ಲಿ ಹಾಕಿ. ಡೊಮೇನ್ ಹೆಸರಿನ ಬದಲು example ಅಂತ ಬರೆಯಿರಿ, ಸಾಕು.

ಪ್ರಶ್ನೆ ಕೇಳಿದವರು:
ಹೀಗೆ ಬಂದಿದೆ. ಡಿಕಿಮ್ ಪಾಸ್ ಅಂತಲೇ ಇದೆಯಲ್ವಾ?

```
SPF:   PERMERROR
DKIM:  'PASS' with domain example-com.20230601.gappssmtp.com
```

ಮೇಲ್ ಸರ್ವರ್ ನೋಡಿಕೊಳ್ಳುವವರು:
ಪಾಸ್ ಆಗಿರುವುದು ನಿಮ್ಮ ಹೆಸರಿನಲ್ಲಿ ಅಲ್ಲ ಸರ್. ಆ ಸಾಲಿನ ಕೊನೆ ನೋಡಿ, `gappssmtp.com` ಅಂತ ಇದೆ. ಅದು ಗೂಗಲ್‌ನ ಡೊಮೇನ್. ನೀವು ಡಿಕಿಮ್ ಹೊಂದಿಸದೇ ಇದ್ದಾಗ ಗೂಗಲ್ ತನ್ನ ಹೆಸರಲ್ಲಿ ಸಹಿ ಹಾಕಿ ಕಳಿಸುತ್ತದೆ. ಪತ್ರ ನಿಮ್ಮ ಲೆಟರ್‌ಹೆಡ್‌ನಲ್ಲಿದೆ, ಸೀಲು ಮಾತ್ರ ಕೊರಿಯರ್‌ನವರದು. ನಿಮ್ಮ ವೆಬ್‌ಸೈಟ್‌ನವರು "ಪಾಸ್" ಅನ್ನುವುದನ್ನಷ್ಟೇ ನೋಡಿ ಸರಿಯಿದೆ ಅಂದಿರಬೇಕು. ಈ ಎಡವಟ್ಟನ್ನು ನಾನು ಎಷ್ಟೋ ಕಂಪನಿಗಳಲ್ಲಿ ನೋಡಿದ್ದೇನೆ.

ನಿಮ್ಮ ಹೆಸರಲ್ಲಿ ಯಾವ ಸರ್ವರ್ ಕಳಿಸಬಹುದು ಅಂತ ಹೇಳುವ ಸಾಲೇ ಎಸ್‌ಪಿಎಫ್. ಅದರಲ್ಲಿ `PERMERROR` ಬರುವುದಕ್ಕೆ ಸಾಮಾನ್ಯ ಕಾರಣ ಒಂದೇ ಡೊಮೇನ್‌ಗೆ ಎರಡು ಎಸ್‌ಪಿಎಫ್ ಸಾಲು ಇರುವುದು. ಡೊಮೇನ್‌ನ ಇಂಥ ಸಾಲುಗಳನ್ನೆಲ್ಲ ಇಡುವ ಡಿಎನ್‌ಎಸ್‌ನಲ್ಲಿ ಹೀಗೇನಾದರೂ ಇದೆಯಾ?

```
v=spf1 include:_spf.google.com ~all
v=spf1 a mx ip4:192.0.2.10 ~all
```

ಪ್ರಶ್ನೆ ಕೇಳಿದವರು:
ಹೌದು, ಎರಡಿವೆ. ಎರಡನೆಯದು ಹಳೆ ಹೋಸ್ಟಿಂಗ್‌ನದು. ವೆಬ್‌ಸೈಟ್‌ನ ಎನ್‌ಕ್ವೈರಿ ಫಾರ್ಮ್ ಈಗಲೂ ಅಲ್ಲಿಂದಲೇ ಮೇಲ್ ಕಳಿಸುತ್ತದೆ. ಎರಡಿದ್ದರೆ ಇನ್ನೂ ಭದ್ರ ಅಂದುಕೊಂಡಿದ್ದೆ.

ಮೇಲ್ ಸರ್ವರ್ ನೋಡಿಕೊಳ್ಳುವವರು:
ಎರಡಿದ್ದರೆ ಒಂದೂ ಇಲ್ಲದ ಹಾಗೆ. ಪರೀಕ್ಷಿಸುವ ಸರ್ವರ್ ಯಾವುದನ್ನು ನಂಬಬೇಕು ಅಂತ ತಿಳಿಯದೆ ಎರಡನ್ನೂ ಬಿಟ್ಟುಬಿಡುತ್ತದೆ. ಎರಡನ್ನೂ ಸೇರಿಸಿ ಒಂದೇ ಸಾಲು ಮಾಡಿ:

```
v=spf1 include:_spf.google.com ip4:192.0.2.10 ~all
```

ಐಪಿ ಜಾಗದಲ್ಲಿ ನಿಮ್ಮ ಹೋಸ್ಟಿಂಗ್‌ನ ನಿಜವಾದ ಸಂಖ್ಯೆ ಬರಬೇಕು. ಹಳೆ ಸಾಲು ಎರಡನ್ನೂ ಅಳಿಸಿ.

ಆಮೇಲೆ ಡಿಕಿಮ್. ವರ್ಕ್‌ಸ್ಪೇಸ್ ಅಡ್ಮಿನ್‌ನಲ್ಲಿ ಜಿಮೇಲ್ ಸೆಟ್ಟಿಂಗ್ ಒಳಗೆ `Authenticate email` ಅಂತ ಇದೆ. ಅಲ್ಲಿ 2048 ಬಿಟ್‌ನ ಕೀ ಹುಟ್ಟಿಸಿ, ಅದು ಕೊಡುವ ಉದ್ದದ ಸಾಲನ್ನು ಡಿಎನ್‌ಎಸ್‌ಗೆ ಟಿಎಕ್ಸ್‌ಟಿ ಅನ್ನುವ ಬಗೆಯ ಸಾಲಾಗಿ ಹಾಕಿ. ಇಲ್ಲಿ ಇಬ್ಬರಲ್ಲಿ ಒಬ್ಬರು ಎಡವುತ್ತಾರೆ. ಹೆಸರಿನ ಜಾಗದಲ್ಲಿ `google._domainkey` ಅಷ್ಟೇ ಬರೆಯಿರಿ. ಮುಂದಿನ ಡೊಮೇನ್ ಹೆಸರನ್ನು ಬಹಳಷ್ಟು ಪ್ಯಾನೆಲ್‌ಗಳು ತಾವೇ ಸೇರಿಸಿಕೊಳ್ಳುತ್ತವೆ. ನೀವೂ ಬರೆದರೆ ಡೊಮೇನ್ ಎರಡು ಸಲ ಬಂದು ಕೀ ಸಿಗುವುದೇ ಇಲ್ಲ. ಸಾಲು ಹರಡಲು 48 ಗಂಟೆವರೆಗೂ ಹಿಡಿಯಬಹುದು. ಆಮೇಲೆ ಅದೇ ಪುಟಕ್ಕೆ ಹೋಗಿ `Start authentication` ಒತ್ತಲೇಬೇಕು. ಅದನ್ನು ಒತ್ತದೆ ಬಿಟ್ಟರೆ ಕೀ ಇದ್ದರೂ ಸಹಿ ಬೀಳುವುದಿಲ್ಲ.

ಕೊನೆಗೆ, ಈ ಪರೀಕ್ಷೆಗಳಲ್ಲಿ ಸೋತ ಮೇಲನ್ನು ಏನು ಮಾಡಬೇಕು ಅಂತ ಹೇಳುವ ಡಿಮಾರ್ಕ್ ಒಂದು ಸಾಲು:

```
_dmarc   v=DMARC1; p=none; rua=mailto:dmarc@example.com
```

ಈಗ `p=none` ಸಾಕು. ನಿಮ್ಮ ಹೆಸರಲ್ಲಿ ಯಾರ್ಯಾರು ಕಳಿಸುತ್ತಿದ್ದಾರೆ ಅನ್ನುವ ವರದಿ ಆ ವಿಳಾಸಕ್ಕೆ ಬರುತ್ತದೆ. ಒಂದು ತಿಂಗಳು ನೋಡಿ ಆಮೇಲೆ ಬಿಗಿ ಮಾಡೋಣ. ಇವತ್ತೇ `p=reject` ಹಾಕಬೇಡಿ, ನಿಮ್ಮದೇ ಎನ್‌ಕ್ವೈರಿ ಫಾರ್ಮ್ ನಿಂತುಹೋಗಬಹುದು.

ಮಾರ್ಕೆಟಿಂಗ್ ಕೆಲಸದಲ್ಲಿರುವ ಒಬ್ಬರು:
ಇಷ್ಟು ಮಾಡಿದರೆ ಇನ್‌ಬಾಕ್ಸ್ ಗ್ಯಾರಂಟಿ ತಾನೇ? ಹಾಗಾದರೆ ಬಾಕಿ 2800 ವಿಳಾಸಕ್ಕೂ ಕಳಿಸಿಬಿಡಬಹುದು.

ಮೇಲ್ ಸರ್ವರ್ ನೋಡಿಕೊಳ್ಳುವವರು:
ದಯವಿಟ್ಟು ಕಳಿಸಬೇಡಿ. ಇವೆಲ್ಲ ಕಳಿಸಿದವರು ನೀವೇ ಅಂತ ಗುರುತು ಹಿಡಿಸುತ್ತವೆ, ಅಷ್ಟೇ. ಗುರುತಾದ ಮೇಲೆ ಹೆಸರು ಒಳ್ಳೆಯದಾ ಕೆಟ್ಟದ್ದಾ ಅನ್ನುವುದು ಬೇರೆ ಲೆಕ್ಕ. ಕಳಿಸಿದ 1200ರಲ್ಲಿ ಎಷ್ಟು ವಾಪಸ್ ಬಂದವು ಸರ್?

ಪ್ರಶ್ನೆ ಕೇಳಿದವರು:
ಈಗ ಎಣಿಸಿದೆ. 214. ಬಹುತೇಕ ಎಲ್ಲದರಲ್ಲೂ `550 5.1.1` ಅಂತ ಇದೆ.

ಮೇಲ್ ಸರ್ವರ್ ನೋಡಿಕೊಳ್ಳುವವರು:
ಅಂದರೆ ಆ ವಿಳಾಸಗಳೇ ಇಲ್ಲ. ನೂರಕ್ಕೆ ಹದಿನೆಂಟು ಮನೆ ಇಲ್ಲದ ಬಾಗಿಲು ತಟ್ಟಿದ್ದೀರಿ. ಪರಿಚಯ ಇರುವವರಿಗೆ ಬರೆಯುವವರು ಹೀಗೆ ತಪ್ಪುವುದಿಲ್ಲ. ಪಟ್ಟಿ ಕೊಂಡದ್ದು ಅಂತ ಗೂಗಲ್‌ಗೂ ಮೈಕ್ರೋಸಾಫ್ಟ್‌ಗೂ ಮೊದಲ ದಿನವೇ ಅನುಮಾನ ಬಂದಿರುತ್ತದೆ. ಆ ಪಟ್ಟಿಯನ್ನು ಬಿಟ್ಟುಬಿಡಿ.

ಇನ್ನೊಂದು, ಸ್ಪ್ಯಾಮ್ ಬಟನ್. ಅದನ್ನು ಒತ್ತುವವರ ದರ 0.1% ಒಳಗಿರಲಿ, 0.3% ಮುಟ್ಟಲೇಬಾರದು ಅನ್ನುವುದು ಗೂಗಲ್‌ನ ಮಾತು. ಸಾವಿರ ಜನರಲ್ಲಿ ಮೂವರು ಒತ್ತಿದರೆ ಗಡಿ ಮುಟ್ಟಿದ ಹಾಗೆ. ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಆ ಅಂಕಿ ಸಿಗುತ್ತದೆ, ಆದರೆ ಕಡಿಮೆ ಮೇಲ್ ಕಳಿಸುವವರಿಗೆ ಪುಟ ಖಾಲಿ ಕಾಣಬಹುದು. ಸೊನ್ನೆ ಕಂಡರೂ ಖುಷಿಪಡಬೇಡಿ. ಇನ್‌ಬಾಕ್ಸ್‌ಗೆ ತಲುಪಿದ ಮೇಲ್‌ಗಳ ಮೇಲೆ ಮಾತ್ರ ಆ ಲೆಕ್ಕ. ಎಲ್ಲ ಸ್ಪ್ಯಾಮ್‌ನಲ್ಲೇ ಬಿದ್ದಿದ್ದರೆ ದೂರು ಕೊಡುವುದಕ್ಕೂ ಯಾರೂ ಇರುವುದಿಲ್ಲ.

ಪುಣೆಯಲ್ಲಿ ಪರ್ಚೇಸ್ ವಿಭಾಗದಲ್ಲಿರುವ ಒಬ್ಬರು:
ನಾನು ಇಂಥ ಮೇಲ್ ಪಡೆಯುವವಳು, ನನ್ನ ಮಾತೂ ಕೇಳಿ. ದಿನಕ್ಕೆ ಹದಿನೈದು ಇಪ್ಪತ್ತು ಬರುತ್ತವೆ. ಬೇಡ ಅನ್ನುವುದಕ್ಕೆ ಒಂದು ದಾರಿ ಇದ್ದರೆ ಅದನ್ನು ಒತ್ತುತ್ತೇನೆ. ಹೋದ ವಾರ ಒಂದರಲ್ಲಿ ಅನ್‌ಸಬ್‌ಸ್ಕ್ರೈಬ್ ಒತ್ತಿದರೆ ಲಾಗಿನ್ ಆಗಿ ಅಂತ ಕೇಳಿತು. ನಾನು ಯಾವತ್ತೂ ಸೇರದ ಕಡೆ ಯಾವ ಪಾಸ್‌ವರ್ಡ್ ಹಾಕಲಿ? ವಾಪಸ್ ಬಂದು ಸ್ಪ್ಯಾಮ್ ಒತ್ತಿದೆ. ದಾರಿಯೇ ಇಲ್ಲದಿದ್ದರೂ ಅದನ್ನೇ ಒತ್ತುವುದು.

ಪ್ರಶ್ನೆ ಕೇಳಿದವರು:
ನಮ್ಮ ಮೇಲ್‌ನಲ್ಲಿ ಅಂಥದ್ದೇನೂ ಇರಲಿಲ್ಲ ಮೇಡಂ. ಅದು ನ್ಯೂಸ್‌ಲೆಟರ್‌ಗೆ ಮಾತ್ರ ಅಂದುಕೊಂಡಿದ್ದೆ.

ಮೇಲ್ ಸರ್ವರ್ ನೋಡಿಕೊಳ್ಳುವವರು:
ಮೇಡಂ ಹೇಳಿದ್ದೇ ಇಡೀ ವಿಷಯದ ತಿರುಳು. ಬಾಗಿಲು ತೋರಿಸಿದರೆ ಒಬ್ಬರು ಪಟ್ಟಿಯಿಂದ ಹೋಗುತ್ತಾರೆ. ತೋರಿಸದಿದ್ದರೆ ಡೊಮೇನ್ ಮೇಲೆ ಒಂದು ದೂರು ಬೀಳುತ್ತದೆ.

ಕೈಯಾರೆ ಬರೆಯುವ ಹತ್ತಿಪ್ಪತ್ತು ಮೇಲ್‌ಗೆ ಸಹಿಯ ಕೆಳಗೆ ಒಂದು ಸಾಲು ಸಾಕು: "ಇಂಥ ಮೇಲ್ ಬೇಡವಾದರೆ 'ಬೇಡ' ಅಂತ ಉತ್ತರಿಸಿ, ಮತ್ತೆ ಬರೆಯುವುದಿಲ್ಲ." ಟೂಲ್ ಮೂಲಕ ಕಳಿಸುವಾಗ ಮೇಲ್‌ನ ಹೆಡರ್‌ನಲ್ಲೂ ಇದು ಇರಬೇಕು. ಜಿಮೇಲ್‌ನಲ್ಲಿ ಕಳಿಸಿದವರ ಹೆಸರಿನ ಪಕ್ಕದಲ್ಲಿ ಅನ್‌ಸಬ್‌ಸ್ಕ್ರೈಬ್ ಕಾಣಿಸಿಕೊಳ್ಳುವುದು ಇದರಿಂದಲೇ:

```
List-Unsubscribe: <https://example.com/u/8f3k2>, <mailto:beda@example.com>
List-Unsubscribe-Post: List-Unsubscribe=One-Click
```

ಇದರಲ್ಲಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಲಿಂಕ್ ತೆರೆದ ಕೂಡಲೇ ಹೆಸರು ತೆಗೆಯುವ ಹಾಗೆ ಪುಟ ಬರೆದಿದ್ದೆ. ಒಂದು ದೊಡ್ಡ ಕಂಪನಿಗೆ ಮೇಲ್ ಹೋದ ಎರಡೇ ನಿಮಿಷದಲ್ಲಿ ಅಲ್ಲಿನ ಅಷ್ಟೂ ಜನ ಪಟ್ಟಿಯಿಂದ ಹೊರಗೆ. ಯಾರೂ ಒತ್ತಿರಲಿಲ್ಲ, ಅವರ ಭದ್ರತಾ ಸಾಫ್ಟ್‌ವೇರ್ ಪ್ರತಿ ಲಿಂಕನ್ನೂ ತೆರೆದು ಪರೀಕ್ಷೆ ಮಾಡಿತ್ತು. ಅದಕ್ಕೇ ಎರಡನೇ ಸಾಲು ಇರುವುದು. ಜಿಮೇಲ್ ಬಟನ್ ಒತ್ತಿದಾಗ ನಿಮ್ಮ ಪುಟಕ್ಕೆ `POST` ಅನ್ನುವ ಬಗೆಯ ಕೋರಿಕೆ ಬರುತ್ತದೆ, ಆಗ ಮಾತ್ರ ತೆಗೆಯಿರಿ. ಸುಮ್ನೆ ತೆರೆದರೆ ಒಂದು "ಹೌದು, ಬೇಡ" ಬಟನ್ ತೋರಿಸಿ. ಲಾಗಿನ್ ಕೇಳಬೇಡಿ, ಕಾರಣ ಕೇಳಬೇಡಿ. ಎರಡು ದಿನದೊಳಗೆ ಜಾರಿಗೆ ಬರಲಿ.

ಬೇಡ ಅಂದವರ ವಿಳಾಸವನ್ನು ಅಳಿಸಬೇಡಿ, ಒಂದು ಬೇರೆ ಶೀಟ್‌ನಲ್ಲಿ ಇಡಿ. ಅಳಿಸಿದರೆ ಆರು ತಿಂಗಳ ಮೇಲೆ ಹೊಸದಾಗಿ ಸೇರಿದ ಸೇಲ್ಸ್ ಹುಡುಗ ಅದೇ ವಿಳಾಸ ಹುಡುಕಿ ಮತ್ತೆ ಬರೆಯುತ್ತಾನೆ.

ನ್ಯೂಜೆರ್ಸಿಯ ಕನ್ನಡ ಸಂಘದ ಕಾರ್ಯದರ್ಶಿ:
ನಮ್ಮದೂ ಇದೇ ಗೋಳು. ಯುಗಾದಿ ಆಹ್ವಾನ 6000 ಸದಸ್ಯರಿಗೆ ಕಳಿಸಿದರೆ ಅರ್ಧ ಜನಕ್ಕೆ ಸಿಗಲ್ಲ. ಸಂಘದ ಜಿಮೇಲ್ ಐಡಿಯನ್ನೇ ಒಂದು ಸಾಫ್ಟ್‌ವೇರ್‌ಗೆ ಹಾಕಿ ಕಳಿಸುತ್ತೇವೆ. ನಾವೂ ಬೇರೆ ಡೊಮೇನ್ ತಗೋಬೇಕಾ?

ಮೇಲ್ ಸರ್ವರ್ ನೋಡಿಕೊಳ್ಳುವವರು:
ನಿಮ್ಮದು ಬೇರೆ ಥರ ಮೇಡಂ, ನಿಮ್ಮ ಸದಸ್ಯರು ತಾವಾಗಿ ಹೆಸರು ಕೊಟ್ಟವರು. ತೊಂದರೆ ಇರುವುದು `@gmail.com` ಹೆಸರಿನಲ್ಲಿ ಬೇರೆ ಸಾಫ್ಟ್‌ವೇರ್‌ನಿಂದ ಕಳಿಸುವುದರಲ್ಲಿ. ಆ ಹೆಸರಿಗೆ ಸಹಿ ಹಾಕುವ ಹಕ್ಕು ಗೂಗಲ್‌ಗೆ ಮಾತ್ರ. ಸಂಘದ ಸ್ವಂತ ಡೊಮೇನ್‌ನಿಂದ ಕಳಿಸಿ. ದಿನಕ್ಕೆ 5000ಕ್ಕಿಂತ ಜಾಸ್ತಿ ಜಿಮೇಲ್ ವಿಳಾಸಕ್ಕೆ ಹೋದರೆ, 2024ರ ನಿಯಮದ ಪ್ರಕಾರ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ. ಇಂಥ ಪ್ರಚಾರದ ಮೇಲ್‌ಗೆ ಒಂದೇ ಒತ್ತಿನ ಅನ್‌ಸಬ್‌ಸ್ಕ್ರೈಬೂ ಬೇಕು.

ಮಾರ್ಕೆಟಿಂಗ್ ಕೆಲಸದಲ್ಲಿರುವ ಒಬ್ಬರು:
ಸರಿ, ಆದರೆ ನನ್ನ ಐದು ಡೊಮೇನ್ ಲೆಕ್ಕಕ್ಕೆ ಉತ್ತರ ಸಿಗಲಿಲ್ಲ.

ಮೇಲ್ ಸರ್ವರ್ ನೋಡಿಕೊಳ್ಳುವವರು:
ಬೇರೆ ಡೊಮೇನ್ ಇರಲಿ ಅನ್ನುವ ಮಾತು ಸರಿ. ಕೊಟೇಷನ್, ಬಿಲ್ ಹೋಗುವ ಡೊಮೇನ್ ಮೇಲೆ ಜೂಜಾಡಬಾರದು. ಆದರೆ ಒಂದೇ ಸಾಕು. ಅದರಲ್ಲಿ ಕಂಪನಿಯ ಹೆಸರು ಕಾಣಲಿ, ತೆರೆದರೆ ನಿಮ್ಮ ವೆಬ್‌ಸೈಟ್‌ಗೇ ಹೋಗಲಿ. ಕೆಟ್ಟಾಗ ಎಸೆಯುವುದಕ್ಕೆ ಅಂತ ಐದು ಇಟ್ಟುಕೊಂಡರೆ, ಕೆಡಿಸುವ ಅಭ್ಯಾಸ ಹಾಗೇ ಉಳಿಯುತ್ತದೆ. ವಾರ್ಮಪ್ ಟೂಲ್ ಒಂದಿಷ್ಟು ಖಾತೆಗಳು ತಮ್ಮತಮ್ಮಲ್ಲೇ ಬರೆದುಕೊಳ್ಳುವ ನಾಟಕ. ಅದನ್ನು ನಾನು ಬಳಸುವುದಿಲ್ಲ. ಹೊಸ ಡೊಮೇನ್ ಆದರೆ ಎರಡು ಮೂರು ವಾರ ಪರಿಚಯದವರ ಜೊತೆ ನಿಜವಾದ ಪತ್ರವ್ಯವಹಾರ ಮಾಡುತ್ತೇನೆ. ಆಮೇಲೆ ದಿನಕ್ಕೆ ಐದು ಹೊಸಬರು, ವಾರಕ್ಕೊಮ್ಮೆ ಸ್ವಲ್ಪ ಏರಿಸಿ, ಮೂವತ್ತಕ್ಕೆ ನಿಲ್ಲಿಸುತ್ತೇನೆ.

ಮಾರ್ಕೆಟಿಂಗ್ ಕೆಲಸದಲ್ಲಿರುವ ಒಬ್ಬರು:
ದಿನಕ್ಕೆ ಮೂವತ್ತರಲ್ಲಿ ನಮ್ಮ ಟಾರ್ಗೆಟ್ ಮುಟ್ಟಲ್ಲ ಸರ್. ನಮಗೆ ವಾರ್ಮಪ್ ಕೆಲಸ ಮಾಡಿದೆ. ಇದನ್ನು ನಾನು ಒಪ್ಪಲ್ಲ.

ಪ್ರಶ್ನೆ ಕೇಳಿದವರು (ಮೂರು ವಾರದ ನಂತರ):
ಎಲ್ಲರಿಗೂ ಥ್ಯಾಂಕ್ಸ್. ಎಸ್‌ಪಿಎಫ್ ಒಂದೇ ಸಾಲು ಮಾಡಿದೆ. ಡಿಕಿಮ್‌ನಲ್ಲಿ ಈಗ ನಮ್ಮ ಹೆಸರೇ ಬರುತ್ತಿದೆ. ಡೊಮೇನ್ ಎರಡು ಸಲ ಬರುವ ತಪ್ಪನ್ನು ನಾನೂ ಮಾಡಿದ್ದೆ, ಓದಿದ್ದು ನೆನಪಾಗಿ ಸರಿ ಮಾಡಿದೆ. ಕೋಲ್ಡ್ ಮೇಲ್ ಪೂರ್ತಿ ನಿಲ್ಲಿಸಿದ್ದೇನೆ. ಜಿಮೇಲ್‌ನಲ್ಲಿರುವ ಗಿರಾಕಿಗಳಿಗೆ ಕೊಟೇಷನ್ ಇನ್‌ಬಾಕ್ಸ್‌ಗೇ ಹೋಗುತ್ತಿದೆ. ಹೊಸೂರಿನ ಒಬ್ಬರಿಗೆ ಮಾತ್ರ ಈಗಲೂ ಜಂಕ್. ಅವರದು ಮೈಕ್ರೋಸಾಫ್ಟ್ 365.

ಮೇಲ್ ಸರ್ವರ್ ನೋಡಿಕೊಳ್ಳುವವರು:
ಅವರಿಗೆ ಫೋನ್ ಮಾಡಿ ಸರ್. ಜಂಕ್‌ನಿಂದ ಹೊರಗೆ ತೆಗೆದು "ಜಂಕ್ ಅಲ್ಲ" ಅಂತ ಒತ್ತಿ, ಒಂದು ಸಾಲು ಉತ್ತರ ಬರೆಯಲು ಹೇಳಿ. ಅವರ ಐಟಿಯವರು ನಿಮ್ಮ ಡೊಮೇನನ್ನು ಒಪ್ಪಿಗೆ ಪಟ್ಟಿಗೆ ಸೇರಿಸಿದರೆ ಇನ್ನೂ ಒಳ್ಳೆಯದು. ಆದರೂ ಜಂಕ್‌ಗೇ ಹೋದರೆ, ಆ ಮೇಲ್‌ನ ಹೆಡರನ್ನು ಅವರಿಂದಲೇ ತರಿಸಿ ಇಲ್ಲಿ ಹಾಕಿ, ನೋಡೋಣ.